ಫೋನೋ, ಕಂಪ್ಯೂಟರೋ? ಸುಳಿವು ಮಾತಿನಲ್ಲೇ ಇದೆ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಎಂ.ಟೆಕ್ ಮುಗಿಸಿ ಇಲ್ಲಿಯೇ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಜನ ಆನ್‌ಲೈನ್‌ನಲ್ಲಿ ತುಂಬುವ ಅರ್ಜಿ ಫಾರ್ಮುಗಳನ್ನು ಮಾಡುವುದು, ಅವುಗಳ ಬಗ್ಗೆ ಬಂದ ದೂರುಗಳನ್ನು ಓದಿ ಎಲ್ಲಿ ತಪ್ಪಿದೆ ಎಂದು ಹುಡುಕುವುದು ನನ್ನ ಕೆಲಸ. ಆದರೆ ಇಂದು ಹೇಳಲು ಹೊರಟಿರುವ ಪಾಠ ಕಲಿತದ್ದು ಆಫೀಸಿನಲ್ಲಿ ಅಲ್ಲ. ರಾಣೆಬೆನ್ನೂರಿನಿಂದ ಬಂದ ನಮ್ಮ ಕಾಕುವಿನ ಒಂದು ಫೋನ್ ಕರೆಯಿಂದ.

ಇಲ್ಲಿರುವ ನಮ್ಮಲ್ಲಿ ಹೆಚ್ಚಿನವರಿಗೆ ಇಂಥ ಕರೆಗಳು ಬರುತ್ತವೆ. ಊರಿನಲ್ಲಿ ಅಮ್ಮ, ಅತ್ತೆ, ಅಣ್ಣನ ಮಗ, ಯಾರೋ ಒಬ್ಬರು ಏನನ್ನೋ ತುಂಬುತ್ತಿರುತ್ತಾರೆ, ಅದು ಮುಂದೆ ಹೋಗುವುದಿಲ್ಲ. ‘ನೀನು ಕಂಪ್ಯೂಟರ್ ಕಲಿತವಳು, ಹೇಳು’ ಎನ್ನುತ್ತಾರೆ. ನಮಗೆ ಅವರ ಪರದೆ ಕಾಣುವುದಿಲ್ಲ, ಮಾತು ಮಾತ್ರ ಕೇಳಿಸುತ್ತದೆ. ಆ ಮಾತಿನಿಂದಲೇ ಅವರ ಮುಂದೆ ಇರುವುದು ಫೋನೋ ಕಂಪ್ಯೂಟರೋ ಎಂದು ತಿಳಿಯಬೇಕು. ಅದು ತಿಳಿಯದೆ ಕೊಟ್ಟ ಸಲಹೆ, ಸರಿಯಾದ ಸಲಹೆಯೇ ಆಗಿದ್ದರೂ, ಕೆಲಸಕ್ಕೆ ಬರುವುದಿಲ್ಲ. ಕಾಕುವಿನ ವಿಷಯದಲ್ಲಿ ನಾನು ಮಾಡಿದ ತಪ್ಪು ಅದೇ.

ಕಾಕುವಿನ ಮಗಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಹಾಸ್ಟೆಲ್ ಅರ್ಜಿಗೆ ಅಂದೇ ಕೊನೆಯ ದಿನ, ರಾತ್ರಿ 11:59ಕ್ಕೆ ಮುಚ್ಚುತ್ತಿತ್ತು. ಹಾಸ್ಟೆಲ್ ಸಿಗದಿದ್ದರೆ ಹುಡುಗಿ ದಿನಾ ಎರಡು ತಾಸು ಹೋಗಿ ಎರಡು ತಾಸು ಬರಬೇಕು, ಇಲ್ಲವೇ ಸೀಟು ಬಿಡಬೇಕು. ‘ಒಬ್ಬಾಕೀನ ರೂಮು ಮಾಡಿ ಇಡೂದು ಆಗೂದಿಲ್ಲ’ ಎಂದು ಕಾಕಾ ಮೊದಲೇ ಹೇಳಿಬಿಟ್ಟಿದ್ದರು. ಹುಡುಗಿ ಇನ್ನೊಂದು ಪರೀಕ್ಷೆಗೆಂದು ಅಣ್ಣನ ಜೊತೆ ರೈಲಿನಲ್ಲಿದ್ದಳು, ಸಿಗ್ನಲ್ ಬಂದು ಹೋಗಿ ಮಾಡುತ್ತಿತ್ತು. ಕಾಗದಪತ್ರ ಮನೆಯಲ್ಲಿ, ಒಟಿಪಿ ಬರುವುದು ಕಾಕುವಿನ ನಂಬರಿಗೆ. ಹಾಗಾಗಿ ಅರ್ಜಿ ತುಂಬುವ ಹೊಣೆ ಕಾಕುವಿನ ಮೇಲೆ ಬಿತ್ತು.

ಎಂಟು ನಲವತ್ತಕ್ಕೆ ನನಗೆ ಫೋನ್ ಬಂತು. ಕಾಕು ಹೇಳಿದ್ದು ಇಷ್ಟು: ‘ಎಲ್ಲಾ ತುಂಬೀನಿ ನೋಡವಾ. ಒಟಿಪಿ ನೋಡಿ ಬರೂದ್ರೊಳಗ ಎಲ್ಲಾ ಖಾಲಿ ಆಗಿಬಿಟ್ಟೈತಿ. ಮೂರು ಸಲ ಆತು.’

ಆ ಮನೆಗೆ ಹಿಂದಿನ ತಿಂಗಳಷ್ಟೇ ಹೊಸ ಲ್ಯಾಪ್‌ಟಾಪ್ ಬಂದಿತ್ತು. ಕೊಳ್ಳುವಾಗ ಯಾವುದು ಒಳ್ಳೆಯದು ಎಂದು ಹೇಳಿದವಳೂ ನಾನೇ. ಹಾಗಾಗಿ ಕಾಕು ಅದರ ಮುಂದೆಯೇ ಕುಳಿತಿದ್ದಾರೆ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಲ್ಯಾಪ್‌ಟಾಪ್ ಮಗಳ ಬ್ಯಾಗಿನಲ್ಲಿ ರೈಲು ಹತ್ತಿದೆ ಎಂಬುದು ನನಗೆ ಗೊತ್ತಿರಲಿಲ್ಲ. ‘ರೈಟ್ ಕ್ಲಿಕ್ ಮಾಡ್ರಿ ಕಾಕು’ ಎಂದೆ. ‘ಹೂಂ’ ಎಂದರು. ‘ಹೊಸ ಟ್ಯಾಬ್‌ನಾಗ ತೆಗೀರಿ’ ಎಂದೆ. ‘ಹೂಂ’ ಎಂದರು. ನಮ್ಮ ಹಿರಿಯರ ‘ಹೂಂ’ ಎಂದರೆ ‘ಮಾಡಿದೆ’ ಎಂದಲ್ಲ, ‘ಕೇಳಿಸಿತು’ ಎಂದು ಅಷ್ಟೇ. ಹೀಗೆ ಒಂದು ತಾಸು ಕಳೆಯಿತು.

ಕೊನೆಗೆ ಪುಟ ಸುತ್ತುತ್ತಾ ನಿಂತಾಗ, ಕೀಬೋರ್ಡಿನ ಮೇಲಿನ ಸಾಲಿನಲ್ಲಿ F5 ಇರುತ್ತದೆ, ಅದನ್ನು ಒತ್ತಿ ಎಂದೆ. ಕಾಕು ಸ್ವಲ್ಪ ಹೊತ್ತು ಹುಡುಕಿದರು. ಆಮೇಲೆ ಬಹಳ ಸಂಕೋಚದಿಂದ ಹೇಳಿದರು: ‘ಎಫ್ ಐತಿ. ಆದ್ರ 5 ಬೇಕಂತ ಒತ್ತಿದ್ರ ಎಫ್ ಹೋಗಿಬಿಡತೈತಿ.’

ನಾನು ಅಲ್ಲೇ ಕುಳಿತುಬಿಟ್ಟೆ. ಅಕ್ಷರ ಬೇಕೆಂದರೆ ಅಂಕಿ ಹೋಗುವುದು, ಅಂಕಿ ಬೇಕೆಂದರೆ ಅಕ್ಷರ ಹೋಗುವುದು ಫೋನಿನ ಕೀಬೋರ್ಡಿನಲ್ಲಿ. ಕೆಳಗಿನ ಮೂಲೆಯ ?123 ಎಂಬ ಗುಂಡಿ ಒತ್ತಿದರೆ ಇಡೀ ಅಕ್ಷರಮಾಲೆ ಸರಿದು ಅಂಕಿಗಳು ಬರುತ್ತವೆ. ಲ್ಯಾಪ್‌ಟಾಪಿನಲ್ಲಿ F ಎಂಬ ಅಕ್ಷರ ಎಲ್ಲಿಗೂ ಹೋಗುವುದಿಲ್ಲ. ಕಾಕುವಿನ ಕೈಯಲ್ಲಿದ್ದದ್ದು ಫೋನು. ಗಡಿಯಾರ ನೋಡಿದೆ, ಒಂಬತ್ತೂ ಮುಕ್ಕಾಲು ದಾಟಿತ್ತು.

ಆಮೇಲೆ ಆ ಒಂದು ತಾಸಿನಲ್ಲಿ ಕಾಕು ಏನೇನು ಹೇಳಿದ್ದರು ಎಂದು ನೆನಪಿಸಿಕೊಂಡರೆ ನಾಚಿಕೆಯಾಯಿತು. ಇದು ಫೋನು ಎಂದು ಅವರು ನನಗೆ ಐದು ಸಲವಾದರೂ ಹೇಳಿದ್ದರು, ತಮ್ಮ ಮಾತಿನಲ್ಲಿ. ಆ ಮಾತುಗಳನ್ನೇ ಈಗ ಒಂದೊಂದಾಗಿ ನೋಡೋಣ.

ಮೊದಲು, ಸುಳಿವೇ ಅಲ್ಲದ ಒಂದು ಮಾತನ್ನು ಬದಿಗಿಡುತ್ತೇನೆ. ಇಂಗ್ಲಿಷಿನಲ್ಲಿ ಮೌಸಿಗೆ ‘ಕ್ಲಿಕ್’, ಪರದೆಗೆ ‘ಟ್ಯಾಪ್’ ಎಂದು ಎರಡು ಮಾತಿವೆ. ನಮ್ಮ ಕಂಪನಿಯಲ್ಲಿ ಹೊಸಬರಿಗೆ ಕಲಿಸುವಾಗಲೂ ಇದನ್ನೇ ಹೇಳುತ್ತಾರೆ. ಕನ್ನಡದ ಮನೆಗಳಲ್ಲಿ ಇದು ನಡೆಯುವುದಿಲ್ಲ. ನಾವು ದೀಪದ ಸ್ವಿಚ್ಚನ್ನೂ ಒತ್ತುತ್ತೇವೆ, ಲಿಫ್ಟಿನ ಗುಂಡಿಯನ್ನೂ ಒತ್ತುತ್ತೇವೆ, ಮೌಸನ್ನೂ ಪರದೆಯನ್ನೂ ಒತ್ತುತ್ತೇವೆ. ಇನ್ನು ‘ಕ್ಲಿಕ್ ಮಾಡಿದೆ’ ಎಂಬ ಮಾತು ಮೌಸನ್ನೇ ಮುಟ್ಟದವರ ಬಾಯಲ್ಲೂ ಇದೆ. ಆದ್ದರಿಂದ ‘ಒತ್ತಿದೆ’ ಮತ್ತು ‘ಕ್ಲಿಕ್ ಮಾಡಿದೆ’ ಎರಡರಿಂದಲೂ ಏನೂ ತಿಳಿಯುವುದಿಲ್ಲ.

ಆದರೆ ಬೆರಳಿನ ಬೇರೆ ಮಾತುಗಳಿಂದ ತಿಳಿಯುತ್ತದೆ. ‘ಒತ್ತಿ ಹಿಡಿದೆ’, ‘ಮೇಲಿಂದ ಎಳೆದೆ’, ‘ಪಕ್ಕಕ್ಕೆ ತಳ್ಳಿದೆ’, ‘ಎರಡು ಬೆರಳಿಂದ ದೊಡ್ಡದು ಮಾಡಿದೆ’ ಇವು ಫೋನಿನ ಕಡೆಗೆ ತೋರಿಸುತ್ತವೆ. ಇವೆಲ್ಲಕ್ಕಿಂತ ಒಳ್ಳೆಯ ಸುಳಿವು ನಮ್ಮ ‘ಕೈ ತಾಗಿ’ ಎಂಬ ಮಾತು. ಕಾಕು ಎರಡನೆಯ ಸಲ ಫಾರ್ಮ್ ಹೋದಾಗ ‘ಕೈ ತಾಗಿ ಹಿಂದ ಹೋತು’ ಎಂದಿದ್ದರು. ಗೊತ್ತಿಲ್ಲದೆ ಬೆರಳು ತಾಗಿ ಪುಟವೇ ಹೋಗಿಬಿಡುವುದು ಅಂಗೈಯಲ್ಲಿ ಹಿಡಿದ ಫೋನಿನಲ್ಲಿ ಮೇಲಿಂದ ಮೇಲೆ ಆಗುತ್ತದೆ. ಅಂಚಿನಿಂದ ಬೆರಳು ಸ್ವಲ್ಪ ಒಳಗೆ ಸರಿದರೂ ಕೆಲವು ಫೋನುಗಳು ಅದನ್ನು ‘ಹಿಂದೆ ಹೋಗು’ ಎಂಬ ಅಪ್ಪಣೆ ಎಂದು ತಿಳಿಯುತ್ತವೆ. ಕಂಪ್ಯೂಟರಿನಲ್ಲಿ ತಪ್ಪಾದರೆ ಜನ ‘ತಪ್ಪು ಒತ್ತಿದೆ’ ಎನ್ನುತ್ತಾರೆ, ‘ಕೈ ತಾಗಿತು’ ಎನ್ನುವುದು ಅಪರೂಪ.

ಎರಡನೆಯದು ಕೀಬೋರ್ಡಿನ ಮಾತು. ಕಾಕು ಹೇಳಿದ್ದರು: ‘ಕೀಬೋರ್ಡ್ ಬಂದು ಮುಚ್ಚಿಬಿಡತೈತಿ, ಕೆಳಗ ಏನೂ ಕಾಣವಲ್ದು.’ ಕಂಪ್ಯೂಟರಿನ ಕೀಬೋರ್ಡ್ ಬರುವುದೂ ಇಲ್ಲ, ಹೋಗುವುದೂ ಇಲ್ಲ, ಮೇಜಿನ ಮೇಲೆ ಬಿದ್ದಿರುತ್ತದೆ. ಕೀಬೋರ್ಡಿಗೆ ‘ಬಂತು’, ‘ಎದ್ದಿತು’, ‘ಹೋಗ್ತಾ ಇಲ್ಲ’ ಎಂಬ ಕ್ರಿಯಾಪದ ಸೇರಿದರೆ ಅದು ಪರದೆಯ ಮೇಲಿನ ಕೀಬೋರ್ಡು. ಅಷ್ಟು ಸ್ಪಷ್ಟವಾದ ಮಾತು ನನ್ನ ಕಿವಿಗೆ ಬಿದ್ದರೂ ಮನಸ್ಸಿಗೆ ಹೋಗಲಿಲ್ಲ, ಏಕೆಂದರೆ ತಲೆಯಲ್ಲಿ ಲ್ಯಾಪ್‌ಟಾಪ್ ಕುಳಿತಿತ್ತು.

ಆಫೀಸಿಗೆ ಬರುವ ದೂರುಗಳಲ್ಲಿ ಇದೇ ವಿಷಯ ಇನ್ನೊಂದು ವೇಷದಲ್ಲಿ ಬರುತ್ತದೆ. ‘ನಿಮ್ಮ ಫಾರ್ಮಿನಲ್ಲಿ ಸಬ್ಮಿಟ್ ಬಟನ್ನೇ ಇಲ್ಲ’ ಎಂದು ಬರೆದಿರುತ್ತಾರೆ. ಬಟನ್ ಇರುತ್ತದೆ. ಕೊನೆಯ ಸಾಲು ತುಂಬುವಾಗ ಎದ್ದ ಕೀಬೋರ್ಡು ಪರದೆಯ ಕೆಳಗಿನ ಅರ್ಧವನ್ನು ಮುಚ್ಚಿಕೊಂಡಿರುತ್ತದೆ, ಬಟನ್ ಅದರ ಹಿಂದೆ ಉಳಿದಿರುತ್ತದೆ. ‘ಬಟನ್ ಕೆಲಸ ಮಾಡುತ್ತಿಲ್ಲ’ ಎಂದು ಬರೆದರೆ ಯಾವ ಯಂತ್ರವೂ ಆಗಬಹುದು. ‘ಬಟನ್ನೇ ಇಲ್ಲ’ ಎಂದರೆ ನಾನು ಮೊದಲು ಫೋನು ಎಂದುಕೊಂಡು ನೋಡುತ್ತೇನೆ. ‘ಮೆನು ಎಲ್ಲಿದೆ?’ ಎಂಬ ಪ್ರಶ್ನೆಯೂ ಹೀಗೆಯೇ. ದೊಡ್ಡ ಪರದೆಯಲ್ಲಿ ಸಾಲಾಗಿ ಕಾಣುವ ಮೆನು ಚಿಕ್ಕ ಪರದೆಯಲ್ಲಿ ಮೂಲೆಯ ಮೂರು ಗೆರೆಗಳೊಳಗೆ ಅಡಗಿಕೊಳ್ಳುತ್ತದೆ. ಪುಟ ಒಂದೇ, ಅಗಲಕ್ಕೆ ತಕ್ಕಂತೆ ಅದರ ರೂಪ ಬದಲಾಗುತ್ತದೆ.

ಮೂರನೆಯದು ಹೋಗಿ ಬರುವ ಮಾತು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಕಾಕು ಮೊದಲ ವಾಕ್ಯದಲ್ಲೇ ‘ಒಟಿಪಿ ನೋಡಿ ಬರೂದ್ರೊಳಗ’ ಎಂದಿದ್ದರು. ಸ್ವಲ್ಪ ಯೋಚಿಸಿ ನೋಡಿ. ಲ್ಯಾಪ್‌ಟಾಪಿನಲ್ಲಿ ಫಾರ್ಮ್ ತುಂಬುವವರಿಗೆ ಒಟಿಪಿ ಪಕ್ಕದಲ್ಲಿಟ್ಟ ಫೋನಿಗೆ ಬರುತ್ತದೆ. ಅವರು ‘ಫೋನಿಗೆ ಒಟಿಪಿ ಬಂತು’ ಎನ್ನುತ್ತಾರೆ, ಕತ್ತು ತಿರುಗಿಸಿ ನೋಡುತ್ತಾರೆ. ಎಲ್ಲಿಗೂ ಹೋಗುವುದಿಲ್ಲ, ಆದ್ದರಿಂದ ಬರುವ ಮಾತೂ ಇಲ್ಲ. ಫಾರ್ಮೂ ಫೋನಿನಲ್ಲೇ, ಮೆಸೇಜೂ ಫೋನಿನಲ್ಲೇ ಇದ್ದಾಗ ಮಾತ್ರ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಿ ಬರಬೇಕು. ‘ನೋಡಿ ಬಂದೆ’, ‘ಹೋಗಿ ಬಂದೆ’, ‘ವಾಪಸ್ ಬಂದಾಗ’ ಎಂದರೆ ಎಲ್ಲವೂ ಒಂದೇ ಕಿಟಕಿಯಲ್ಲಿ ನಡೆಯುತ್ತಿದೆ ಎಂದು ಅರ್ಥ.

ಅವರ ತೊಂದರೆಯ ಕಾರಣವೂ ಆ ಎರಡು ಶಬ್ದದಲ್ಲೇ ಇತ್ತು. ಕಡಿಮೆ ಬೆಲೆಯ ಫೋನಿನಲ್ಲಿ ಕೆಲಸದ ನೆನಪು, ನಾವು ರ್‍ಯಾಮ್ ಎನ್ನುತ್ತೇವಲ್ಲ, ಅದು ಕಡಿಮೆ ಇರುತ್ತದೆ. ನಾವು ಬ್ರೌಸರ್ ಬಿಟ್ಟು ಮೆಸೇಜಿಗೆ ಹೋದೊಡನೆ ಫೋನು ಜಾಗ ಬೇಕಾದರೆ ಹಿಂದೆ ಬಿಟ್ಟ ಪುಟವನ್ನು ನೆನಪಿನಿಂದ ತೆಗೆದುಬಿಡುತ್ತದೆ. ವಾಪಸ್ ಬಂದಾಗ ಪುಟವನ್ನು ಹೊಸದಾಗಿ ತರಿಸುತ್ತದೆ. ಹೊಸ ಪುಟ ಎಂದರೆ ಖಾಲಿ ಪುಟ. ತುಂಬಿದ ಹೆಸರು, ವಿಳಾಸ, ಅಂಕ ಎಲ್ಲ ಹೋಗಿರುತ್ತದೆ. ಇದು ಕಾಕುವಿನ ತಪ್ಪಲ್ಲ. ತುಂಬಿದ್ದನ್ನು ನಡುನಡುವೆ ಉಳಿಸಿಕೊಳ್ಳದ ಹಾಗೆ ಫಾರ್ಮ್ ಮಾಡಿದವರ ತಪ್ಪು, ಅಂದರೆ ನನ್ನಂಥವರ ತಪ್ಪು.

ನಾಲ್ಕನೆಯದು ಜಾಗದ ಹೆಸರು. ಫೋಟೋ ಎಲ್ಲಿಂದ ತೆಗೆದುಕೊಂಡಿರಿ ಎಂದರೆ ಕಾಕು ‘ಗ್ಯಾಲರಿಯೊಳಗಿಂದ’ ಎಂದಿದ್ದರು. ಕಂಪ್ಯೂಟರಿನವರು ‘ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದೆ’, ‘ಡಿ ಡ್ರೈವಿನಲ್ಲಿದೆ’, ‘ಪೆನ್‌ಡ್ರೈವಿನಿಂದ ಹಾಕಿದೆ’ ಎನ್ನುತ್ತಾರೆ. ಆಫೀಸಿನಲ್ಲಿ ಕೆಲಸ ಮಾಡಿದವರು ಕಂಪ್ಯೂಟರನ್ನು ‘ಸಿಸ್ಟಮ್’ ಎನ್ನುವುದೂ ಉಂಟು. ‘ಸಿಸ್ಟಮ್ ಹ್ಯಾಂಗ್ ಆಗಿದೆ’ ಎಂದರೆ ಫೋನಲ್ಲ ಎಂದು ಸಾಮಾನ್ಯವಾಗಿ ನಂಬಬಹುದು.

ಐದನೆಯದು ಕರೆಯ ಬಗ್ಗೆಯೇ ಆಡುವ ಮಾತು. ಇದನ್ನು ನಾವು ಮಾತೆಂದೇ ಲೆಕ್ಕಕ್ಕೆ ಇಡುವುದಿಲ್ಲ. ಕಾಕು ನಡುನಡುವೆ ‘ತಡಿ, ಸ್ಪೀಕರ್ ಹಚ್ತೀನಿ’ ಎನ್ನುತ್ತಿದ್ದರು. ಒಂದು ಸಲ ‘ನೀ ಇಡು, ನೋಡಿ ಮತ್ತ ಮಾಡ್ತೀನಿ’ ಎಂದರು. ಫಾರ್ಮ್ ನೋಡಲು ಫೋನನ್ನು ಕಿವಿಯಿಂದ ತೆಗೆಯಬೇಕಾಗುತ್ತಿದೆ ಎಂದರೆ ಫಾರ್ಮ್ ಇರುವುದು ಆ ಫೋನಿನಲ್ಲೇ ಇರಬೇಕು. ಇನ್ನೂ ಒಂದು ಮಾತು ಹೇಳಿದ್ದರು: ‘ನಿನ್ನ ಕೂಡ ಮಾತಾಡೂ ಮುಂದ ಬರೇ ಗರಗರ ತಿರಗತೈತಿ, ನೀ ಇಟ್ಟಮ್ಯಾಲೆ ಬರತೈತಿ.’ ನಾನು ಇದನ್ನು ತಮಾಷೆ ಎಂದುಕೊಂಡು ನಕ್ಕಿದ್ದೆ. ಅದು ತಮಾಷೆಯಲ್ಲ. ಅವರ ಫೋನಿನಲ್ಲಿ ಎರಡು ಸಿಮ್. ಮಾತಿಗೆ ಒಂದು, ಡೇಟಾಕ್ಕೆ ಇನ್ನೊಂದು. ಇಂಥ ಬಹಳಷ್ಟು ಫೋನುಗಳಲ್ಲಿ ಒಂದು ಸಿಮ್ಮಿನಲ್ಲಿ ಮಾತು ನಡೆಯುತ್ತಿರುವಷ್ಟು ಹೊತ್ತು ಇನ್ನೊಂದು ಸಿಮ್ಮಿನ ಡೇಟಾ ನಿಂತಿರುತ್ತದೆ. ಅಂದರೆ ಪುಟ ಮುಂದೆ ಹೋಗದಂತೆ ತಡೆದವಳು ನಾನೇ. ಸಹಾಯ ಮಾಡುತ್ತೇನೆಂದು ಒಂದು ತಾಸು ಕರೆಯಲ್ಲಿ ಕುಳಿತವಳು ನಾನು.

ಫೋನು ಎಂದು ಗೊತ್ತಾದ ಮೇಲೆ ಮಾಡಿದ್ದನ್ನು ಹೇಳುತ್ತೇನೆ. ನಿಮಗೂ ಒಂದು ದಿನ ಬೇಕಾಗಬಹುದು.

ಮೊದಲು ಕರೆ ಕಡಿದು ಕಾಕಾನ ಫೋನಿಗೆ ಮಾಡಿದೆ. ಕಾಕುವಿನ ಫೋನು ಫಾರ್ಮಿಗಷ್ಟೇ ಉಳಿಯಿತು, ಗರಗರ ತಿರುಗುವುದು ನಿಂತಿತು. ಹಿಂದೆ ತೆರೆದು ಬಿಟ್ಟಿದ್ದ ಬೇರೆ ಆ್ಯಪ್‌ಗಳನ್ನೆಲ್ಲ ಮುಚ್ಚಿಸಿದೆ.

ಆಮೇಲೆ ಫೋಟೋ. ಆ ಫಾರ್ಮಿನಲ್ಲಿ ಫೋಟೋ 200 ಕೆಬಿಯೊಳಗೆ ಇರಬೇಕಿತ್ತು. ಫೋನಿನ ಕ್ಯಾಮೆರಾದಲ್ಲಿ ತೆಗೆದ ಫೋಟೋ ಮೂರು ನಾಲ್ಕು ಎಂಬಿ ಇರುತ್ತದೆ, ಅಂದರೆ ಹದಿನೈದು ಇಪ್ಪತ್ತು ಪಟ್ಟು ದೊಡ್ಡದು. ಕಂಪ್ಯೂಟರಾಗಿದ್ದರೆ ಚಿಕ್ಕದು ಮಾಡುವ ದಾರಿ ಬೇರೆ. ಫೋನಿನಲ್ಲಿ ನಾನು ಹೇಳಿದ್ದು ಹೀಗೆ: ಆ ಫೋಟೋವನ್ನು ಪರದೆಯಲ್ಲಿ ತೆರೆದು ಅದರ ಸ್ಕ್ರೀನ್‌ಶಾಟ್ ತೆಗೆಯಿರಿ, ಮುಖದ ಸುತ್ತ ಕತ್ತರಿಸಿ, ವಾಟ್ಸಾಪ್‌ನಲ್ಲಿ ಕಾಕಾನಿಗೆ ಸಾಮಾನ್ಯ ಫೋಟೋ ಹಾಗೆ ಕಳಿಸಿ, ಕಾಕಾ ಅದನ್ನು ವಾಪಸ್ ಕಳಿಸಲಿ. ಕಳಿಸುವಾಗ ವಾಟ್ಸಾಪ್ ಫೋಟೋವನ್ನು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಕುಗ್ಗಿಸುವುದಿಲ್ಲ, ಅದೊಂದು ಎಚ್ಚರ ಬೇಕು. ಬಂದ ಫೋಟೋದ ವಿವರ ತೆರೆದು ನೋಡಿದಾಗ ನೂರು ಕೆಬಿಗಿಂತ ಕಡಿಮೆ ಇತ್ತು.

ಫೋಟೋ ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಲು ಇನ್ನೊಂದು ಕಾರಣವಿದೆ. ಫಾರ್ಮಿನ ‘ಅಪ್‌ಲೋಡ್’ ಒತ್ತಿದಾಗ ಫೋನು ‘ಕ್ಯಾಮೆರಾ ಬೇಕೇ, ಫೈಲ್ ಬೇಕೇ’ ಎಂದು ಕೇಳುತ್ತದೆ. ಅಲ್ಲಿ ಕ್ಯಾಮೆರಾ ತೆರೆದರೆ ಅದು ಬಹಳ ನೆನಪು ತಿನ್ನುತ್ತದೆ, ಫೋಟೋ ತೆಗೆದು ವಾಪಸ್ ಬರುವಷ್ಟರಲ್ಲಿ ಫಾರ್ಮ್ ಖಾಲಿಯಾಗಿರಬಹುದು. ಮೊದಲೇ ತೆಗೆದಿಟ್ಟ ಫೋಟೋ ಆರಿಸಿಕೊಂಡರೆ ಆ ಅಪಾಯ ಕಡಿಮೆ.

ಮೂರನೆಯದು ಒಟಿಪಿ. ‘ಕಾಕು, ಈ ಸಲ ಮೆಸೇಜಿಗೆ ಹೋಗಬ್ಯಾಡ್ರಿ. ಫಾರ್ಮ್ ಬಿಡಬ್ಯಾಡ್ರಿ. ಒಟಿಪಿ ಬಂದಾಗ ಪರದೆಯ ಮ್ಯಾಲಿನ ಅಂಚಿನಿಂದ ಬೆರಳಿನಲೆ ಕೆಳಗ ಎಳೀರಿ, ಅಲ್ಲೇ ನಂಬರ್ ಕಾಣತೈತಿ. ಓದಿ ಹೇಳ್ರಿ, ಕಾಕಾ ಒಂದು ಚೀಟಿಯೊಳಗ ಬರಕೊಳ್ಳಲಿ. ಮತ್ತ ಮ್ಯಾಲ ತಳ್ಳಿಬಿಡ್ರಿ’ ಎಂದೆ. ಮೇಲಿನಿಂದ ಎಳೆದ ಆ ಪಟ್ಟಿ ಪರದೆಯಂತೆ ಫಾರ್ಮಿನ ಮೇಲೆ ಬೀಳುತ್ತದೆ ಅಷ್ಟೇ, ಫಾರ್ಮು ಅದರ ಹಿಂದೆ ಹಾಗೇ ಇರುತ್ತದೆ. ಹೋಗಿ ಬರುವುದೇ ಇಲ್ಲದ್ದರಿಂದ ಖಾಲಿಯಾಗುವುದೂ ಇಲ್ಲ.

ಕೊನೆಯದು ಕೆಳಗೆ ಅಡಗಿದ್ದ ಬಟನ್. ಕೀಬೋರ್ಡು ಮುಚ್ಚಲು ಹಿಂದಿನ ಬಾಣದ ಗುರುತನ್ನು ಒಂದು ಸಲ ಒತ್ತಿದರೆ ಸಾಕು. ಎರಡು ಸಲ ಒತ್ತಿದರೆ ಮೊದಲನೆಯದಕ್ಕೆ ಕೀಬೋರ್ಡು ಹೋಗುತ್ತದೆ, ಎರಡನೆಯದಕ್ಕೆ ಪುಟವೇ ಹೋಗುತ್ತದೆ. ಕಾಕುವಿನ ಮೂರನೆಯ ಸಲದ ಫಾರ್ಮ್ ಹೋದದ್ದು ಹೀಗೆ ಎಂದು ಆಮೇಲೆ ತಿಳಿಯಿತು. ‘ಒಂದ ಸಲ, ಒಂದ ಸಲ’ ಎಂದು ಇಬ್ಬರೂ ಹೇಳಿಕೊಂಡು ಒತ್ತಿದೆವು. ಬಟನ್ ಕಾಣಿಸಿತು.

ಹನ್ನೊಂದೂ ಇಪ್ಪತ್ತಕ್ಕೆ ಅರ್ಜಿ ಹೋಯಿತು. ಅರ್ಜಿಯ ನಂಬರ್ ಬಂದ ಪುಟದ ಸ್ಕ್ರೀನ್‌ಶಾಟ್ ತೆಗೆಸಿ, ಮೇಲಿನ ನಂಬರನ್ನು ಚೀಟಿಯಲ್ಲೂ ಬರೆಸಿದೆ. ಒಂಬತ್ತೂ ಮುಕ್ಕಾಲರಿಂದ ಹನ್ನೊಂದೂ ಇಪ್ಪತ್ತರವರೆಗೆ ಒಂದೂವರೆ ತಾಸು ಹಿಡಿಯಿತು. ಅದರ ಹಿಂದಿನ ಒಂದು ತಾಸು ನಾನು ಕಳೆದದ್ದು.

ಇಷ್ಟು ಕೇಳಿದ ಮೇಲೆ ನೀವು ಕೇಳಬಹುದು: ಇಷ್ಟೆಲ್ಲ ಏಕೆ, ‘ಫೋನೋ ಲ್ಯಾಪ್‌ಟಾಪೋ’ ಎಂದು ನೇರವಾಗಿ ಕೇಳಿದರಾಯಿತಲ್ಲ? ಕೇಳಲೇಬೇಕು. ನಾನು ಕೇಳದೆ ಇದ್ದದ್ದೇ ನನ್ನ ದೊಡ್ಡ ತಪ್ಪು. ಆದರೆ ಕೇಳುವ ಅವಕಾಶ ಎಲ್ಲ ಕಡೆ ಇರುವುದಿಲ್ಲ. ಬರೆದು ಕಳಿಸಿದ ದೂರಿನಲ್ಲಿ ಮಾತಷ್ಟೇ ಇರುತ್ತದೆ, ನಮ್ಮ ಪ್ರಶ್ನೆಗೆ ಉತ್ತರ ಬರಲು ಎರಡು ದಿನ ಬೇಕು. ಎಷ್ಟೋ ಸಲ ಮಾತು ಮೂರನೆಯವರಿಂದ ಬರುತ್ತದೆ. ಅಪ್ಪ ಪಕ್ಕದ ಮನೆಯ ಹುಡುಗನ ಪರದೆ ನೋಡಿ ನಮಗೆ ಹೇಳುತ್ತಿರುತ್ತಾರೆ. ಕೇಳಿದಾಗಲೂ ಉತ್ತರ ಬೆರೆತು ಬರುವುದುಂಟು, ಫಾರ್ಮ್ ಲ್ಯಾಪ್‌ಟಾಪಿನಲ್ಲಿ, ಫೋಟೋ ಫೋನಿನಲ್ಲಿ, ಒಟಿಪಿ ಗಂಡನ ಫೋನಿನಲ್ಲಿ. ಅದಕ್ಕೇ ನಾನು ಈಗ ಯಂತ್ರದ ಹೆಸರು ಕೇಳುವುದಿಲ್ಲ. ‘ಈಗ ನನ್ನ ಜೊತೆ ಮಾತಾಡ್ತಿದ್ದೀರಲ್ಲ, ಅದೇ ಫೋನಿನಲ್ಲೇ ಆ ಫಾರ್ಮ್ ತೆರೆದಿದೆಯಾ?’ ಎಂದು ಕೇಳುತ್ತೇನೆ. ಇದಕ್ಕೆ ಹೌದು ಅಥವಾ ಇಲ್ಲ ಎಂಬ ಎರಡೇ ಉತ್ತರ, ಯಾರಿಗೂ ತಮಗೆ ಕಂಪ್ಯೂಟರ್ ಬರುವುದಿಲ್ಲ ಎಂಬ ಸಂಕೋಚವೂ ಆಗುವುದಿಲ್ಲ.

ಸುಳಿವುಗಳು ತಪ್ಪು ದಾರಿಗೂ ಎಳೆಯುತ್ತವೆ, ಅದನ್ನೂ ಹೇಳಬೇಕು. ಕಾಕುವಿನ ಘಟನೆಯಾದ ಮೇಲೆ ನಾನು ಎಲ್ಲರ ಕೈಯಲ್ಲೂ ಫೋನನ್ನೇ ಕಾಣತೊಡಗಿದೆ. ಮುಂಬೈಯ ಗೆಳತಿಯೊಬ್ಬಳ ಮಾವ ‘ಪರದೆ ಮುಟ್ಟಿದರೆ ಕೀಬೋರ್ಡ್ ಬರುತ್ತೆ, ಸರಿಸಿದರೆ ಪುಟ ಸರಿಯುತ್ತೆ’ ಎಂದರು. ಫೋನು ಎಂದು ತೀರ್ಮಾನಿಸಿ ಮೂಲೆಯ ಮೂರು ಗೆರೆ ಒತ್ತಿ ಎಂದೆ. ಮೂರು ಗೆರೆ ಅಲ್ಲಿರಲೇ ಇಲ್ಲ. ಅವರ ಕೈಯಲ್ಲಿದ್ದದ್ದು ಐಪ್ಯಾಡ್. ಮುಟ್ಟುವ ರೀತಿ ಫೋನಿನದು, ಆದರೆ ಅದರ ಬ್ರೌಸರ್ 2019ರಿಂದೀಚೆಗೆ ಸಾಮಾನ್ಯವಾಗಿ ಕಂಪ್ಯೂಟರಿನ ಪುಟವನ್ನೇ ಕೇಳಿ ತರಿಸುತ್ತದೆ. ಪರದೆ ಮುಟ್ಟುವ ಲ್ಯಾಪ್‌ಟಾಪ್‌ಗಳೂ ಈಗ ಇವೆ. ಫೋನಿನ ಬ್ರೌಸರಿನಲ್ಲೇ ‘ಡೆಸ್ಕ್‌ಟಾಪ್ ಸೈಟ್’ ಎಂಬುದಕ್ಕೆ ಗುರುತು ಹಾಕಿದ್ದರೆ ಫೋನಿನಲ್ಲೂ ಸಣ್ಣ ಅಕ್ಷರದ ಅಗಲ ಪುಟ ಬರುತ್ತದೆ. ‘ಅಕ್ಷರ ಇರುವೆ ಥರ ಕಾಣುತ್ತೆ’ ಎಂದು ಯಾರಾದರೂ ಹೇಳಿದರೆ ಆ ಗುರುತನ್ನು ಮೊದಲು ನೋಡಿಸುತ್ತೇನೆ.

ಆದ್ದರಿಂದ ಈಗ ಒಂದು ಮಾತನ್ನಷ್ಟೇ ಹಿಡಿದು ತೀರ್ಮಾನ ಮಾಡುವುದಿಲ್ಲ. ಬೇರೆ ಬೇರೆ ಬಗೆಯ ಎರಡು ಸುಳಿವು ಒಂದೇ ಕಡೆ ತೋರಿಸಬೇಕು. ‘ಎಳೆದೆ’, ‘ತಳ್ಳಿದೆ’ ಎರಡೂ ಬೆರಳಿನ ಮಾತೇ, ಅವು ಸೇರಿ ಒಂದೇ ಸುಳಿವು. ‘ತಳ್ಳಿದೆ’ ಎಂಬುದರ ಜೊತೆಗೆ ‘ಒಟಿಪಿ ನೋಡಿ ಬಂದೆ’ ಎಂದೂ ಸೇರಿದರೆ ಫೋನು ಎಂದು ಹೆಜ್ಜೆ ಇಡುತ್ತೇನೆ, ಆಮೇಲೂ ಆ ಒಂದು ಪ್ರಶ್ನೆ ಕೇಳಿ ಖಚಿತ ಮಾಡಿಕೊಳ್ಳುತ್ತೇನೆ.

ಕಂಪ್ಯೂಟರಿನ ಕಡೆಯ ಒಂದು ಸುಳಿವು ಹೇಳಿ ಮುಗಿಸುತ್ತೇನೆ, ಇದು ಬಹಳ ಸುಲಭ. ಯಾರಾದರೂ ‘ಸ್ಕ್ರೀನಿನ ಫೋಟೋ ಹೊಡೆದು ಕಳಿಸ್ತೀನಿ, ನೋಡು’ ಎಂದು, ಓರೆಯಾಗಿ ತೆಗೆದ, ಗೆರೆಗೆರೆಯಾಗಿ ಹೊಳೆಯುವ ಚಿತ್ರ ಕಳಿಸಿದರೆ ಅವರ ಮುಂದೆ ಇರುವುದು ಕಂಪ್ಯೂಟರ್ ಎಂದು ಬಹುತೇಕ ನಂಬಬಹುದು. ಫೋನಿನಿಂದ ಅದೇ ಫೋನಿನ ಫೋಟೋ ತೆಗೆಯಲು ಆಗುವುದಿಲ್ಲವಲ್ಲ. ಉದ್ದನೆಯ ಚಿತ್ರ, ಮೇಲೆ ಗಂಟೆ, ಬ್ಯಾಟರಿ, ಸಿಗ್ನಲ್ ಕಾಣುತ್ತಿದ್ದರೆ ಅದು ಫೋನಿನೊಳಗೇ ತೆಗೆದದ್ದು.

ಕಾಕುವಿನ ಮಗಳಿಗೆ ಹಾಸ್ಟೆಲ್ ಸಿಕ್ಕಿತು, ಮೊದಲ ವರ್ಷ ಮುಗಿಸಿದ್ದಾಳೆ. ಕಾಕು ಈಗಲೂ ನನಗೆ ಫೋನ್ ಮಾಡುತ್ತಾರೆ, ಆದರೆ ಶುರುವಿನಲ್ಲೇ ‘ಕಾಕಾನ ಫೋನಿನಿಂದ ಮಾಡೇನಿ, ಫಾರ್ಮ್ ನನ್ನ ಫೋನಿನ್ಯಾಗ ಐತಿ’ ಎಂದು ತಾವೇ ಹೇಳಿಬಿಡುತ್ತಾರೆ. ನಾನು ಕೇಳುವ ಮೊದಲೇ.